ಹೃದಯದ ಚಿಹ್ನೆಯನ್ನು ಒಪ್ಪಿಗೆ ಎಂದುಕೊಂಡೆ, ಐದು ಸಾವಿರ ತೆತ್ತೆ

ನಾನು ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ಇನ್‌ಸ್ಟಾಗ್ರಾಂ ಪುಟವೇ ನನ್ನ ಅಂಗಡಿ. ಗೊಂಬೆಗೆ ಉಡಿಸಿದ ಸೀರೆಗಿಂತ ಗ್ರಾಹಕರು ಉಟ್ಟು ತೆಗೆಸಿಕೊಂಡ ಫೋಟೋ ನೋಡಿಯೇ ಜನ ಹೆಚ್ಚು ವಿಚಾರಿಸುತ್ತಾರೆ. ಹಾಗಾಗಿ ಯಾರಾದರೂ ನಮ್ಮ ಪುಟವನ್ನು ಟ್ಯಾಗ್ ಮಾಡಿದರೆ ಸಾಕು, ಆ ಫೋಟೋ ನನ್ನದೇ ಎಂಬಂತೆ ಎತ್ತಿ ಹಾಕುತ್ತಿದ್ದೆ. ಸಣ್ಣ ವ್ಯಾಪಾರ ಮಾಡುವವರು ಬಹಳಷ್ಟು ಮಂದಿ ಇದನ್ನೇ ಮಾಡುತ್ತಿದ್ದೀರಿ ಎಂದು ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ವೈಶಾಖದಲ್ಲಿ ಧಾರವಾಡದ ಗ್ರಾಹಕಿಯೊಬ್ಬಳು ಗೃಹಪ್ರವೇಶಕ್ಕೆ ನಮ್ಮಲ್ಲಿ ಗಿರಿಕುಂಕುಮ ಬಣ್ಣದ, ಟೋಪತೆನಿ ಸೆರಗಿನ ಸೀರೆ ತೆಗೆದುಕೊಂಡಳು. ಹೊಸ್ತಿಲಲ್ಲಿ ನಿಂತ ಒಂದು ಸುಂದರ ಫೋಟೋ ಹಾಕಿ ನಮ್ಮನ್ನು ಟ್ಯಾಗ್ ಮಾಡಿದಳು. "ನಮ್ಮ ಪುಟದಲ್ಲಿ ಹಾಕಲೇ ತಂಗಿ?" ಎಂದು ಕೇಳಿದೆ. ಉತ್ತರವಾಗಿ ಒಂದು ಕೆಂಪು ಹೃದಯ ಬಂತು. ಅವಳ ಹೆಸರು ನಮೂದಿಸಿಯೇ ಹಾಕಿದೆ. ಅವಳೂ ಬಂದು "ಧನ್ಯವಾದ ಅಕ್ಕ" ಎಂದು ಬರೆದಳು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಬೇಕಿರಲಿಲ್ಲ.

ದೀಪಾವಳಿ ಬಂತು. ಅದೇ ಫೋಟೋವನ್ನು ಹಣ ಕೊಟ್ಟು ಜಾಹೀರಾತು ಮಾಡಿದೆ. ಚೌಕಟ್ಟಿಗೆ ಕೂರಲೆಂದು ಬಲಗಡೆ ಸ್ವಲ್ಪ ಕತ್ತರಿಸಿದೆ, ಕುಂಕುಮದ ಬಣ್ಣ ಎದ್ದು ಕಾಣಲೆಂದು ಹೊಳಪು ಏರಿಸಿದೆ. ಹುಬ್ಬಳ್ಳಿಯ ಪ್ರದರ್ಶನದ ಮಳಿಗೆಗೆ ಆರಡಿ ಎತ್ತರದ ಫ್ಲೆಕ್ಸನ್ನೂ ಮಾಡಿಸಿದೆ. ಇದಕ್ಕೆ ಮತ್ತೊಮ್ಮೆ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಒಮ್ಮೆ ಒಪ್ಪಿದ್ದಾಳಲ್ಲ!

ಮೊದಲು ಅವಳದೇ ಕರೆ ಬಂತು. ಪ್ರದರ್ಶನಕ್ಕೆ ಹೋಗಿದ್ದ ಅವಳ ಮಾವನವರು ಸೊಸೆಯನ್ನು ಫ್ಲೆಕ್ಸಿನಲ್ಲಿ ಕಂಡಿದ್ದರು. "ಅಕ್ಕ, ನಿಮ್ಮ ಪುಟದಲ್ಲಿ ಹಾಕಿ ಎಂದಿದ್ದೆ, ಸಂತೆಯಲ್ಲಿ ನಿಲ್ಲಿಸಿ ಎಂದಿದ್ದೆನೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಫೋಟೋದಲ್ಲಿ ಅವಳ ಪಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಅವಳ ಓರಗಿತ್ತಿಯ ಮಗಳು, ಒಂಬತ್ತು ವರ್ಷದವಳು. ಜಾಹೀರಾತಿನ ಕೆಳಗೆ ಗುರುತುಪರಿಚಯವಿಲ್ಲದವರು ಆ ಮಗುವಿನ ಬಗ್ಗೆ ಏನೇನೋ ಬರೆದಿದ್ದರು. ಆ ತಾಯಿಯನ್ನು ನಾನೂ ಕೇಳಿರಲಿಲ್ಲ, ನನ್ನ ಗ್ರಾಹಕಿಯೂ ಕೇಳಿರಲಿಲ್ಲ.

ಎರಡು ದಿನಗಳ ನಂತರ ಇನ್‌ಸ್ಟಾಗ್ರಾಂ ಆ ಪೋಸ್ಟನ್ನೇ ತೆಗೆದುಹಾಕಿತು. ಕೃತಿಸ್ವಾಮ್ಯದ ದೂರು ಬಂದಿತ್ತು. ಕೊಟ್ಟವರು ಗೃಹಪ್ರವೇಶದ ಫೋಟೋ ತೆಗೆದ ಸ್ಟುಡಿಯೋದವರು. ನಾನು ಬಲಗಡೆ ಕತ್ತರಿಸಿದ್ದು ಬರೀ ಗೋಡೆಯಾಗಿರಲಿಲ್ಲ, ಅಲ್ಲಿ ಅವರ ಹೆಸರಿತ್ತು. ಜೊತೆಗೆ ಹನ್ನೆರಡು ಸಾವಿರ ರೂಪಾಯಿಯ ಬಿಲ್ ಕೂಡ ಕಳುಹಿಸಿದರು.

"ಹಣ ಕೊಟ್ಟು ತೆಗೆಸಿದ ಫೋಟೋ ನಮ್ಮದೇ ಅಲ್ಲವೇ?" ಎಂದು ಗ್ರಾಹಕಿ ಕೇಳಿದಳು. ಪರಿಚಯದ ವಕೀಲರ ಬಳಿ ಹೋದೆ. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ್ದರೆ ಒಡೆತನ ತೆಗೆಸಿದವರಿಗೆ ಹೋಗುತ್ತದೆ, ಆದರೆ ಬೇರೆ ಕರಾರು ಇಲ್ಲದಿದ್ದರೆ ಮಾತ್ರ. ಗ್ರಾಹಕಿ ಮುಂಗಡ ಕೊಟ್ಟಾಗಿನ ರಸೀದಿ ಹುಡುಕಿ ತಂದಳು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಚಿತ್ರಗಳ ಹಕ್ಕು ಸ್ಟುಡಿಯೋದ್ದು, ವ್ಯಾಪಾರದ ಬಳಕೆಗೆ ಪ್ರತ್ಯೇಕ ಅನುಮತಿ ಬೇಕು ಎಂದಿತ್ತು, ಕೆಳಗೆ ಅವಳ ಮನೆಯವರ ಸಹಿ. ಅಂದರೆ ಅವಳು ಕೊಟ್ಟ ಹೃದಯದಲ್ಲಿ ಕೊಡಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಒಡೆತನ ಯಾರದೇ ಇರಲಿ, ತನ್ನ ಹೆಸರು ಹಾಕಿ ಎಂದು ಕೇಳುವ ಹಕ್ಕು, ಮರ್ಯಾದೆಗೆ ಕುಂದು ತರುವಂತೆ ಚಿತ್ರ ತಿದ್ದಿದರೆ ಆಕ್ಷೇಪಿಸುವ ಹಕ್ಕು ತೆಗೆದವನಿಗೇ ಉಳಿಯುತ್ತದೆಯಂತೆ. ಕೊನೆಗೆ ಕ್ಷಮೆ ಕೇಳಿ, ಐದು ಸಾವಿರಕ್ಕೆ ಒಪ್ಪಿಸಿದೆ. ಹೊಳಪು ಏರಿಸಿದ ಫಲವೂ ಬೇರೆಯಾಗಿ ಸಿಕ್ಕಿತು: ಆ ಜಾಹೀರಾತು ನೋಡಿ ತರಿಸಿಕೊಂಡ ಇಬ್ಬರು "ಬಣ್ಣ ಬೇರೆ" ಎಂದು ಸೀರೆ ಹಿಂದಿರುಗಿಸಿದರು.

ಈಗ ನಾನು ಮಾಡುವುದು ಇಷ್ಟು. ಟ್ಯಾಗ್ ಮಾಡಿದ್ದು, ನಮ್ಮ ಹ್ಯಾಶ್‌ಟ್ಯಾಗ್ ಹಾಕಿದ್ದು, ಹೃದಯ, ಹೆಬ್ಬೆರಳು, ಇವು ಯಾವುದನ್ನೂ ಒಪ್ಪಿಗೆ ಎಂದು ಎಣಿಸುವುದಿಲ್ಲ. ಬೇಕಾದ ಫೋಟೋವನ್ನೇ ಗ್ರಾಹಕರಿಗೆ ಮರಳಿ ಕಳುಹಿಸಿ, ಕೆಳಗೆ ಈ ಸಂದೇಶ ಹಾಕುತ್ತೇನೆ:

"ನಮಸ್ಕಾರ. ಮೇಲಿನ ಫೋಟೋವನ್ನು ನಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಒಂದು ವರ್ಷ ಬಳಸಲು ನಿಮ್ಮ ಒಪ್ಪಿಗೆ ಬೇಕು. ಜಾಹೀರಾತು ಅಥವಾ ಮುದ್ರಣಕ್ಕೆ ಬೇಕಾದರೆ ಮತ್ತೆ ಪ್ರತ್ಯೇಕವಾಗಿ ಕೇಳುತ್ತೇವೆ. ಅಳತೆಗೆ ಕತ್ತರಿಸುವುದು ಬಿಟ್ಟು ಬೇರೇನೂ ತಿದ್ದುವುದಿಲ್ಲ. ಫೋಟೋ ತೆಗೆದವರು ಯಾರು? ಚಿತ್ರದಲ್ಲಿರುವ ಇತರರು, ಮಕ್ಕಳಿದ್ದರೆ ಅವರ ತಂದೆ ಅಥವಾ ತಾಯಿ ಒಪ್ಪಿದ್ದಾರೆಯೇ? ನಿಮ್ಮ ಹೆಸರು ಹೇಗೆ ಹಾಕೋಣ, ಅಥವಾ ಬೇಡವೇ? ಯಾವಾಗ ಬೇಡ ಎಂದರೂ ಒಂದು ದಿನದೊಳಗೆ ತೆಗೆಯುತ್ತೇವೆ. ಒಪ್ಪಿಗೆಯಿದ್ದರೆ ನಿಮ್ಮ ಹೆಸರಿನೊಂದಿಗೆ 'ಒಪ್ಪಿಗೆ ಇದೆ' ಎಂದು ಬರೆಯಿರಿ."

ಅವಧಿಯನ್ನು ಬರೆಯದೆ ಬಿಡಬೇಡಿ. ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಲೆಕ್ಕ ಹಾಕುತ್ತದೆ. ನಮಗೆ ಲಾಭವೇ ಎನಿಸಬಹುದು, ಆದರೆ ಐದು ವರ್ಷದಲ್ಲಿ ಒಂದು ಮನೆಯಲ್ಲಿ ಏನೆಲ್ಲ ಬದಲಾಗುತ್ತದೆ ಯೋಚಿಸಿ. ಮುದ್ರಣವನ್ನು ಬೇರೆಯಾಗಿ ಕೇಳುವುದಕ್ಕೂ ಕಾರಣವಿದೆ: ಪೋಸ್ಟನ್ನು ನಿಮಿಷದಲ್ಲಿ ಅಳಿಸಬಹುದು, ಹಂಚಿಹೋದ ಕರಪತ್ರವನ್ನು ಹಿಂದಕ್ಕೆ ತರಲಾಗದು. ಸ್ಟುಡಿಯೋ ತೆಗೆದ ಫೋಟೋ ಆಗಿದ್ದರೆ ಇದೇ ಸಂದೇಶ ಸ್ಟುಡಿಯೋದವರಿಗೂ ಹೋಗುತ್ತದೆ, ಗೆಳತಿ ಮೊಬೈಲಿನಲ್ಲಿ ತೆಗೆದದ್ದಾದರೆ ಗೆಳತಿಗೆ. ಹಾಕುವಾಗ ಉಟ್ಟವರ ಹೆಸರು, ತೆಗೆದವರ ಹೆಸರು ಎರಡೂ ಬರಹದ ಮೊದಲ ಸಾಲಿನಲ್ಲೇ ಇರುತ್ತವೆ. ಅವು ಹ್ಯಾಶ್‌ಟ್ಯಾಗುಗಳ ಗುಂಪಿನ ಅಡಿಯಲ್ಲಿ ಹೂತುಹೋಗುವುದಿಲ್ಲ. ಆದರೆ ಹೆಸರು ಹಾಕಿದೆ ಎಂಬುದು ಕೇಳದೆ ತೆಗೆದುಕೊಂಡದ್ದಕ್ಕೆ ಪರಿಹಾರವಲ್ಲ. ನಾನು ಬಹಳ ದಿನ ಹಾಗೆಂದೇ ನಂಬಿದ್ದೆ.

ಉತ್ತರ ಬಂದ ಕೂಡಲೇ ಫೋಟೋ, ಸಂದೇಶ, ದಿನಾಂಕ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಒಂದೇ ಫೋಲ್ಡರಿನಲ್ಲಿ ಇಡುತ್ತೇನೆ. ಆಮೇಲೆ ಮಾಡೋಣ ಎಂದರೆ ಕೆಲವೊಮ್ಮೆ ಆಮೇಲೆ ಸಿಗುವುದಿಲ್ಲ. ವಾಟ್ಸಾಪಿನಲ್ಲಿ ಕೆಲವರು ತಾವಾಗಿ ಮಾಯವಾಗುವ ಸಂದೇಶಗಳ ವ್ಯವಸ್ಥೆ ಇಟ್ಟಿರುತ್ತಾರೆ. ಅವರ ಆಯ್ಕೆಯಂತೆ 24 ಗಂಟೆ, ಏಳು ದಿನ ಅಥವಾ 90 ದಿನಕ್ಕೆ ಎಲ್ಲ ಅಳಿಸಿಹೋಗುತ್ತದೆ. ಅವಧಿ ಮುಗಿಯುವ ದಿನವನ್ನು ಸೀರೆ ಲೆಕ್ಕದ ಪುಸ್ತಕದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡುತ್ತೇನೆ.

ಇಷ್ಟುದ್ದದ ಸಂದೇಶ ನೋಡಿ ಗ್ರಾಹಕರು ಹೆದರುವುದಿಲ್ಲವೇ ಎಂದು ನನ್ನ ತಮ್ಮ ಕೇಳಿದ. ಕೆಲವರು ಉತ್ತರಿಸುವುದೇ ಇಲ್ಲ. ಅವರ ಫೋಟೋ ಹಾಕುವುದಿಲ್ಲ, ಎರಡನೇ ಸಲ ಕಾಡುವುದೂ ಇಲ್ಲ. ಹೋದ ತಿಂಗಳು ಒಬ್ಬರು "ಮುಖ ಬೇಡ, ಸೆರಗು ಮಾತ್ರ ಹಾಕಿ" ಎಂದು ತಾವೇ ಕತ್ತರಿಸಿ ಕಳುಹಿಸಿದರು. ಟೋಪತೆನಿಯ ಕೆಂಪು ಬಿಳುಪು ಅಷ್ಟು ಸ್ಪಷ್ಟವಾಗಿ ಕಾಣುವ ಚಿತ್ರ ನನ್ನಲ್ಲಿ ಬೇರೊಂದಿಲ್ಲ.

ಧಾರವಾಡದವಳು ಫ್ಲೆಕ್ಸನ್ನು ತನ್ನೆದುರೇ ಹರಿಸಿ ಹಾಕಿಸಿದಳು. ಮತ್ತೆ ನಮ್ಮಲ್ಲಿ ಸೀರೆ ತೆಗೆದುಕೊಂಡಿಲ್ಲ.