ಮೂರು ಸುಗ್ಗಿ ಕಂಡ ಮಂಡಿ ಬಿಲ್ಲಿಂಗ್ ಸಾಫ್ಟ್‌ವೇರ್: ಕೂಡಿಸೋದು ಸರಿ, ಕಳೆಯೋದು ನೋಡ್ಕೊಳ್ಳಿ

ಎಪಿಎಂಸಿಯ ದಲಾಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಮೂರು ಸುಗ್ಗಿಯಿಂದ ರೈತರ ಪಟ್ಟಿಯನ್ನು ಇದರಲ್ಲೇ ತೆಗೆಯುತ್ತಿದ್ದೇನೆ. ಕಾಟಾದ ತೂಕ ನೇರವಾಗಿ ಪರದೆಗೆ ಬರುತ್ತದೆ. ಚೀಟಿ ನೋಡಿ ಟೈಪ್ ಮಾಡುವ ಕೆಲಸ ತಪ್ಪಿದೆ. ಅಷ್ಟು ಮಟ್ಟಿಗೆ ಖುಷಿ.

ಆದರೆ ಮೊದಲ ಸುಗ್ಗಿಯಲ್ಲೇ ಒಬ್ಬ ರೈತರು ಪಟ್ಟಿ ಹಿಡಿದು ವಾಪಸ್ ಬಂದರು. "ಸ್ವಾಮಿ, ಚೀಲದ ತೂಕ ನಾನೂ ಬರೆದುಕೊಂಡಿದ್ದೆ, ನಿಮ್ಮದು ಕಮ್ಮಿ ಬರ್ತಿದೆ" ಅಂದರು. 40 ಚೀಲ ಮೆಕ್ಕೆಜೋಳ. ಅವರು ಕೂಡಿಸಿದ್ದು 2,058 ಕೆಜಿ, ಪಟ್ಟಿಯಲ್ಲಿದ್ದದ್ದು 2,038. ಹುಡುಕಿದರೆ, ಸಾಫ್ಟ್‌ವೇರ್ ಪ್ರತಿ ಚೀಲದಲ್ಲೂ ಗ್ರಾಂ ಬಿಟ್ಟು ಬರೀ ಕೆಜಿ ಹಿಡಿಯುತ್ತಿತ್ತು. ಒಂದು ಚೀಲಕ್ಕೆ ಸರಾಸರಿ ಅರ್ಧ ಕೆಜಿ ಹೋದರೂ 40 ಚೀಲಕ್ಕೆ 20 ಕೆಜಿ ಆಯ್ತಲ್ವಾ?

ಅದರ ಮೇಲೆ ಖಾಲಿ ಚೀಲಕ್ಕೆಂದು ತಲಾ 1 ಕೆಜಿ ಕಳೆದಿತ್ತು. ಹತ್ತು ಖಾಲಿ ಚೀಲ ಒಟ್ಟಿಗೆ ಕಾಟಾದ ಮೇಲಿಟ್ಟೆವು, 6 ಕೆಜಿ ಬಂತು. ಅಂದರೆ 40 ಚೀಲಕ್ಕೆ ಕಳೆಯಬೇಕಾದ್ದು 24 ಕೆಜಿ, 40 ಅಲ್ಲ. ನಿಜವಾದ ತೂಕ 2,034 ಕೆಜಿ, ಪಟ್ಟಿ ತೋರಿಸಿದ್ದು 1,998. ಆ ದಿನದ ದರ ಕ್ವಿಂಟಾಲಿಗೆ 2,200 ರೂಪಾಯಿ. ಹಾಗಾಗಿ ರೈತರಿಗೆ 792 ರೂಪಾಯಿ ಕಮ್ಮಿ ಬಿದ್ದಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ಸುಮ್ನೆ ಸೆಟ್ಟಿಂಗ್ ನೋಡದೆ ಬಿಟ್ಟಿದ್ದು, ಅದರಲ್ಲಿ ನನ್ನ ಪಾಲೂ ಇದೆ.

ಈಗ ಗ್ರಾಂವರೆಗೆ ತೂಕ ಹಿಡಿದು, ಕೊನೆಯ ಮೊತ್ತವನ್ನು ಮಾತ್ರ ರೂಪಾಯಿಗೆ ಸರಿಮಾಡುವಂತೆ ಇಟ್ಟಿದ್ದೇನೆ. ಗೋಣಿ ಬದಲಾದರೆ ಖಾಲಿ ಚೀಲ ಮತ್ತೆ ತೂಗುತ್ತೇವೆ, ಪ್ಲಾಸ್ಟಿಕ್ ಚೀಲ ಅದಕ್ಕಿಂತ ಬಹಳ ಹಗುರ. ತಿದ್ದಿದ ಪಟ್ಟಿ ಹೀಗಾಯಿತು: ಮಾಲಿನ ಬೆಲೆ 44,748. ಹಮಾಲಿ ಚೀಲಕ್ಕೆ 8ರಂತೆ 320, ಮುಂಗಡ 10,000 ಕಳೆದು ಕೈಗೆ 34,428.

ಇದರಲ್ಲಿ ದಲಾಲಿ ಸಾಲು ಇಲ್ಲ, ಗಮನಿಸಿ. ಕರ್ನಾಟಕದಲ್ಲಿ ದಲಾಲಿ ಕೊಡಬೇಕಾದವರು ಖರೀದಿದಾರರು. ಆದರೆ ಈ ಸಾಫ್ಟ್‌ವೇರ್ ಹಾಕಿಸಿದಾಗ ರೈತರ ಪಟ್ಟಿಯಲ್ಲೂ ದಲಾಲಿಗೆ ಟಿಕ್ ಇತ್ತು! ಮೊದಲ ದಿನವೇ ತೆಗೆಸಿದೆ.

ಇನ್ನೂ ಸರಿಯಾಗದ್ದು ಒಂದಿದೆ. ಪಟ್ಟಿ ತಿದ್ದಿ ಮತ್ತೆ ಉಳಿಸಿದರೆ ಮುಂಗಡ ಕೆಲವೊಮ್ಮೆ ಎರಡು ಸಲ ವಜಾ ಆಗುತ್ತದೆ. ರೈತರ ಖಾತೆಯಲ್ಲಿ ಮುಂಗಡದ ಬಾಕಿ ಮೈನಸ್ ತೋರಿಸಿದರೆ ಅದೇ ಗುರುತು. ಅದಕ್ಕೇ ಈಗ ಪಟ್ಟಿ ತಿದ್ದುವುದಿಲ್ಲ, ರದ್ದು ಮಾಡಿ ಹೊಸ ನಂಬರಿನಲ್ಲಿ ತೆಗೆಯುತ್ತೇನೆ. ಕಂಪನಿಯವರಿಗೆ ನಾಲ್ಕು ಸಲ ಹೇಳಿದೆ, "ಮುಂದಿನ ಅಪ್‌ಡೇಟಲ್ಲಿ ಬರುತ್ತೆ ಸರ್" ಅಂತಾರೆ. ಐದರಲ್ಲಿ ಮೂರು ಸ್ಟಾರ್ ಕೊಡ್ತೀನಿ, ಅದು ಬಂದ ದಿನ ನಾಲ್ಕು.