ವಾಕ್ಯದಲ್ಲಿ ಬಂದ ಟೈಮ್‌ಟೇಬಲ್ ಚೌಕಕ್ಕಿಳಿಯುವ ಬಗೆ: ಗೂಗಲ್ ಶೀಟ್ಸ್‌ನ ದೀರ್ಘಕಾಲದ ಬಳಕೆಯ ವಿಮರ್ಶೆ

ಪದವಿಪೂರ್ವ ಕಾಲೇಜೊಂದರಲ್ಲಿ ವೇಳಾಪಟ್ಟಿಯ ಹೊಣೆ ಹೊತ್ತವನಾಗಿ ಹಲವು ಶೈಕ್ಷಣಿಕ ವರ್ಷಗಳಿಂದ ಗೂಗಲ್ ಶೀಟ್ಸ್ ಬಳಸುತ್ತಿದ್ದೇನೆ. ವೇಳಾಪಟ್ಟಿಯನ್ನು ತಾನೇ ರಚಿಸಿಕೊಡುವ ತಂತ್ರಾಂಶಗಳು ಬೇರೆ ಇವೆ. ನನ್ನ ಅಗತ್ಯ ಅದಲ್ಲ. ವಿಭಾಗದ ಮುಖ್ಯಸ್ಥರು ಒಂದು ಪ್ಯಾರಾದಲ್ಲಿ ಬರೆದು ಕಳುಹಿಸುವ ಸೂಚನೆಯನ್ನು ದಿನ, ಅವಧಿ, ವಿಷಯ ಮತ್ತು ಕೊಠಡಿಗಳ ಚೌಕವನ್ನಾಗಿ ಮಾಡಿ ಸೂಚನಾ ಫಲಕಕ್ಕೆ ಹಾಕುವುದಷ್ಟೇ ನನ್ನ ಕೆಲಸ. ಇದಕ್ಕೆ ಶೀಟ್ಸ್ ಚೆನ್ನಾಗಿಯೇ ಒದಗುತ್ತದೆ, ಆದರೆ ಪ್ಯಾರಾವನ್ನು ಓದುತ್ತ ನೇರವಾಗಿ ಚೌಕ ತುಂಬಲು ಹೊರಟವರಿಗೆ ಅದು ಕಾಗದಕ್ಕಿಂತ ಹೆಚ್ಚಿನದೇನನ್ನೂ ಕೊಡುವುದಿಲ್ಲ. ಪ್ಯಾರಾ ಮತ್ತು ಚೌಕಗಳ ನಡುವೆ ಒಂದು ಉದ್ದನೆಯ ಪಟ್ಟಿ ಇರಬೇಕು. ಈ ಉಪಕರಣದ ಉಪಯೋಗವೆಲ್ಲ ಇರುವುದು ಆ ಪಟ್ಟಿಯಲ್ಲಿ.

ನಮಗೆ ಬರುವ ಸೂಚನೆಯ ಮಾದರಿ ಹೀಗಿರುತ್ತದೆ: “ದ್ವಿತೀಯ ಪಿಯುಸಿ ವಿಜ್ಞಾನ ಎ ವಿಭಾಗಕ್ಕೆ ಗಣಿತ ವಾರಕ್ಕೆ ಐದು ಅವಧಿ, ಬುಧವಾರ ಬಿಟ್ಟು ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ಮೊದಲ ಅವಧಿ, ಕೊಠಡಿ 7. ಬುಧವಾರ ಮೊದಲ ಅವಧಿ ಭಾಷೆ. ಕನ್ನಡದವರು ಅಲ್ಲಿಯೇ, ಹಿಂದಿಯವರು ಕೊಠಡಿ 11ಕ್ಕೆ. ಮಂಗಳವಾರ ಊಟದ ನಂತರ ಮೊದಲ ಬ್ಯಾಚಿಗೆ ಭೌತಶಾಸ್ತ್ರ ಪ್ರಾಕ್ಟಿಕಲ್, ಎರಡನೆಯ ಬ್ಯಾಚಿಗೆ ರಸಾಯನಶಾಸ್ತ್ರ, ಗುರುವಾರ ಅದಲುಬದಲು.”

ಪಟ್ಟಿಯಲ್ಲಿ A ಯಿಂದ F ವರೆಗೆ ಕ್ರಮವಾಗಿ ದಿನ, ಅವಧಿ, ವಿಭಾಗ, ಬ್ಯಾಚ್, ವಿಷಯ, ಕೊಠಡಿ ಎಂಬ ಆರು ಕಾಲಂಗಳಿರುತ್ತವೆ, ಮತ್ತು ಒಂದು ಸಾಲಿಗೆ ಒಂದೇ ತರಗತಿ ಎಂಬುದು ಮುರಿಯಬಾರದ ನಿಯಮ. ಗಣಿತದ ವಾಕ್ಯ ನಾಲ್ಕು ಸಾಲುಗಳಾಗುತ್ತದೆ. ಸೂಚನೆ ಹೇಳಿದ್ದು ಐದು ಅವಧಿ. ಐದನೆಯದು ಎಲ್ಲಿ ಎಂಬ ಪ್ರಶ್ನೆ ಪ್ಯಾರಾ ಓದುವಾಗ ಯಾರಿಗೂ ಹೊಳೆಯುವುದಿಲ್ಲ, ಸಾಲು ಎಣಿಸಿದಾಗ ತಾನಾಗಿ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಅದು ಶನಿವಾರದ್ದಾಗಿರುತ್ತದೆ, “ಎಂದಿನಂತೆ” ಎಂದು ಬರೆದವರ ಮನಸ್ಸಿನಲ್ಲಿ ಉಳಿದಿರುತ್ತದೆ. ಊಹಿಸಿ ತುಂಬದೆ ಕೇಳಿಯೇ ತುಂಬಬೇಕು. ಭಾಷೆಯ ವಾಕ್ಯದಿಂದ ಒಂದೇ ಅವಧಿಗೆ ಎರಡು ಸಾಲು ಬರುತ್ತವೆ. ಪ್ರಾಕ್ಟಿಕಲ್‌ನ ವಾಕ್ಯ ನೋಡಲು ಚಿಕ್ಕದಾದರೂ, ನಮ್ಮಲ್ಲಿ ಊಟದ ನಂತರ ಐದು ಮತ್ತು ಆರನೆಯ ಅವಧಿಗಳಿರುವುದರಿಂದ, ಎರಡು ದಿನ, ಎರಡು ಅವಧಿ, ಎರಡು ಬ್ಯಾಚ್ ಸೇರಿ ಎಂಟು ಸಾಲುಗಳನ್ನು ಬೇಡುತ್ತದೆ. “ಅದಲುಬದಲು” ಎಂಬ ಒಂದು ಪದದಲ್ಲೇ ನಾಲ್ಕು ಸಾಲುಗಳು ಅಡಗಿವೆ.

ಪಟ್ಟಿ ಸಿದ್ಧವಾದ ಮೇಲೆ ಚೌಕವನ್ನು ಕೈಯಿಂದ ತುಂಬಬೇಕಾಗಿಲ್ಲ. ಅದೇ ಹಾಳೆಯಲ್ಲಿ H1 ಕೋಶಕ್ಕೆ ವಿಭಾಗದ ಹೆಸರು, ಅದರ ಕೆಳಗೆ ದಿನಗಳು, I1 ರಿಂದ ಬಲಕ್ಕೆ 1 ರಿಂದ 6 ರವರೆಗಿನ ಅವಧಿಗಳನ್ನು ಬರೆದು, I2 ಕೋಶದಲ್ಲಿ ಈ ಸೂತ್ರವನ್ನು ಹಾಕಿ ಉಳಿದ ಕೋಶಗಳಿಗೆ ಎಳೆದರೆ ಸಾಕು:

```
=IFERROR(TEXTJOIN(CHAR(10),TRUE,
 FILTER($D$2:$D$200&" "&$E$2:$E$200&" "&$F$2:$F$200,
 $A$2:$A$200=$H2,$B$2:$B$200=I$1,$C$2:$C$200=$H$1)),"")
```

ಆ ದಿನ, ಆ ಅವಧಿ, ಆ ವಿಭಾಗಕ್ಕೆ ಹೊಂದುವ ಎಲ್ಲ ಸಾಲುಗಳನ್ನೂ FILTER ಆರಿಸುತ್ತದೆ, TEXTJOIN ಅವನ್ನು ಒಂದೇ ಕೋಶದಲ್ಲಿ ಒಂದರ ಕೆಳಗೊಂದು ಇಡುತ್ತದೆ. ಇಲ್ಲಿ VLOOKUP ಬಳಸುವವರು ಬಹಳ ಮಂದಿ. ಅದು ಮೊದಲು ಸಿಕ್ಕಿದ್ದನ್ನು ಮಾತ್ರ ತೋರಿಸುವುದರಿಂದ ಎರಡನೆಯ ಬ್ಯಾಚಿನ ಲ್ಯಾಬ್ ಚೌಕದಿಂದ ಸದ್ದಿಲ್ಲದೆ ಮಾಯವಾಗುತ್ತದೆ, ಒಂದೇ ವಿಭಾಗಕ್ಕೆ ಒಂದೇ ಅವಧಿಯಲ್ಲಿ ತಪ್ಪಾಗಿ ಎರಡು ಪಾಠ ಬಿದ್ದಿದ್ದರೆ ಅದೂ ಮುಚ್ಚಿಹೋಗುತ್ತದೆ. ಮೇಲಿನ ಸೂತ್ರದಲ್ಲಾದರೆ ಒಂದು ಸಾಲಿರಬೇಕಾದ ಕೋಶದಲ್ಲಿ ಎರಡು ಸಾಲು ಕಂಡೊಡನೆ ಎಡವಟ್ಟು ತಿಳಿಯುತ್ತದೆ.

ಕೊಠಡಿಗಳ ತಾಕಲಾಟಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು, ಏಕೆಂದರೆ ಎ ವಿಭಾಗದ ಚೌಕವನ್ನು ಎಷ್ಟು ನೋಡಿದರೂ ಬಿ ವಿಭಾಗದವರು ಅದೇ ಹೊತ್ತಿಗೆ ಅದೇ ಲ್ಯಾಬಿಗೆ ಬರುವುದು ಕಾಣುವುದಿಲ್ಲ. ಎಲ್ಲ ವಿಭಾಗಗಳನ್ನೂ ಒಂದೇ ಪಟ್ಟಿಯಲ್ಲಿಟ್ಟು, A2:F200 ವ್ಯಾಪ್ತಿಗೆ Conditional formatting ನಲ್ಲಿ Custom formula is ಆರಿಸಿ ಇದನ್ನು ಕೊಟ್ಟರೆ ತಾಕುವ ಸಾಲುಗಳೆಲ್ಲ ಬಣ್ಣ ತಾಳುತ್ತವೆ:

```
=AND($F2<>"",COUNTIFS($A$2:$A$200,$A2,
 $B$2:$B$200,$B2,$F$2:$F$200,$F2)>1)
```

ಬಣ್ಣ ಬಂದದ್ದೆಲ್ಲ ತಪ್ಪೆಂದು ತಿಳಿಯಬೇಕಾಗಿಲ್ಲ. ಎರಡೂ ವಿಭಾಗಗಳ ಹಿಂದಿ ವಿದ್ಯಾರ್ಥಿಗಳು ಕೊಠಡಿ 11ರಲ್ಲಿ ಒಟ್ಟಿಗೆ ಕೂರುವುದಾದರೆ ಆ ಸಾಲುಗಳಿಗೂ ಬಣ್ಣ ಬರುತ್ತದೆ, ಬರಲಿ. ಅಂಥ ಜಾಗಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಕಣ್ಣಿನಲ್ಲೇ ಪರಿಶೀಲಿಸಿ ಬಿಡಬಹುದು.

ನನಗೆ ಅತಿ ಹೆಚ್ಚು ಕಿರಿಕಿರಿ ಉಂಟುಮಾಡಿರುವುದು ಕನ್ನಡದ ಟೈಪಿಂಗ್. “ಲ್ಯಾಬ್ 1” ಎಂಬುದನ್ನು ಒಬ್ಬರು ಒಂದು ಕೀಲಿಮಣೆಯಲ್ಲಿ ಹೊಡೆದಾಗ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಳ್ಳುತ್ತದೆ, ಇನ್ನೊಬ್ಬರು ಹೊಡೆದಾಗ ಸೇರುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ. ಸೂತ್ರಕ್ಕೆ ಎರಡು ಬೇರೆ ಬೇರೆ ಕೊಠಡಿಗಳು. ಹೀಗಾಗಿ ನಿಜವಾದ ತಾಕಲಾಟಕ್ಕೆ ಬಣ್ಣವೇ ಬರುವುದಿಲ್ಲ. ಅನುಮಾನ ಬಂದಾಗ =LEN(F2) ಎಂದು ಎರಡೂ ಕೋಶಗಳ ಉದ್ದವನ್ನು ನೋಡಿದರೆ ಒಂದರ ಅಂತರ ಸಿಗುತ್ತದೆ. “ಭೌತಶಾಸ್ತ್ರ”, “ಭೌತ ಶಾಸ್ತ್ರ” ಎಂಬ ವ್ಯತ್ಯಾಸವೂ ಇಂಥದ್ದೇ. ಅವಧಿಗಳ ಎಣಿಕೆ ತಪ್ಪುವುದು ಇದರಿಂದಲೇ. ಇವಕ್ಕೆಲ್ಲ ನೆಟ್ಟಗಿನ ಪರಿಹಾರವೆಂದರೆ Data validation ಮೂಲಕ ದಿನ, ವಿಷಯ, ಕೊಠಡಿಗಳಿಗೆ ಆಯ್ಕೆಪಟ್ಟಿ ಇಟ್ಟು, ಪಟ್ಟಿಯಲ್ಲಿಲ್ಲದ್ದನ್ನು ಒಳಗೇ ಬಿಡದಿರುವುದು. ಸೂಚನೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬಂದಿದ್ದರೆ ನಕಲು ಮಾಡಿ ಅಂಟಿಸುವ ಆಸೆಯನ್ನು ಬಿಡಬೇಕು. ಅದು ಯೂನಿಕೋಡ್ ಅಲ್ಲವಾದ್ದರಿಂದ ಶೀಟ್ಸ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ.

ಮುದ್ರಣದ ಮೊದಲು ಲ್ಯಾಬಿನ ಎರಡು ಅವಧಿಗಳನ್ನು ಒಂದೇ ಕೋಶವಾಗಿ ಕೂಡಿಸುವ ಬಯಕೆ ಎಲ್ಲರಿಗೂ ಆಗುತ್ತದೆ, ನೋಡಲು ಚೆನ್ನ. ಸೂತ್ರವಿರುವ ಚೌಕದಲ್ಲಿ ಹಾಗೆ ಕೂಡಿಸಿದರೆ ಎಡಗಡೆಯ ಕೋಶದ ಸೂತ್ರವಷ್ಟೇ ಉಳಿದು ಬಲಗಡೆಯದು ಅಳಿಸಿಹೋಗುತ್ತದೆ. ಮುಂದಿನ ತಿಂಗಳು ಲ್ಯಾಬಿನ ದಿನ ಬದಲಾದಾಗ ಆ ಅವಧಿಗೆ ಬೇರೆ ಪಾಠ ಬಂದರೂ ತೋರಿಸಲು ಅಲ್ಲಿ ಏನೂ ಇರುವುದಿಲ್ಲ. ಚೌಕವನ್ನು ನಕಲು ಮಾಡಿ ಬೇರೊಂದು ಹಾಳೆಯಲ್ಲಿ Ctrl+Shift+V ಒತ್ತಿ ಮೌಲ್ಯಗಳನ್ನಷ್ಟೇ ಅಂಟಿಸಿಕೊಂಡು, ಅಲಂಕಾರವನ್ನೆಲ್ಲ ಅಲ್ಲಿ ಮಾಡುವುದು ಕ್ಷೇಮ.

ಶ್ರಮಪಟ್ಟು ಪಟ್ಟಿ ಮಾಡಿದ್ದಕ್ಕೆ ಪ್ರತಿಫಲ ಸಿಗುವುದು ಲ್ಯಾಬ್ ಸಹಾಯಕರು ಬಂದು “ನಮ್ಮ ಲ್ಯಾಬಿನದೊಂದು ಪಟ್ಟಿ ಕೊಡಿ ಸರ್” ಎಂದಾಗ. ಸೂತ್ರದ ಕೊನೆಯ ಷರತ್ತಿನಲ್ಲಿ C ಬದಲು F, ತೋರಿಸುವ ಭಾಗದಲ್ಲಿ F ಬದಲು C ಇಟ್ಟು, H1ರಲ್ಲಿ ಲ್ಯಾಬಿನ ಹೆಸರನ್ನು ಆರಿಸಿದರೆ ಯಾವ ಹೊತ್ತಿನಲ್ಲಿ ಯಾವ ವಿಭಾಗ ಬರುತ್ತದೆ ಎಂಬ ಚೌಕ ಅಲ್ಲಿಯೇ ಮೂಡುತ್ತದೆ. ಆದರೆ “ಒಂದು ವಾರ ಬಿಟ್ಟು ಒಂದು ವಾರ” ಎಂದು ಸೂಚನೆಯಲ್ಲಿದ್ದರೆ ಈ ವ್ಯವಸ್ಥೆ ಅಲ್ಲಿಗೆ ನಿಲ್ಲುತ್ತದೆ. ವಾರದ ಚೌಕಕ್ಕೆ ಎರಡು ವಾರಗಳ ಲೆಕ್ಕ ಗೊತ್ತಿಲ್ಲ. ಬ್ಯಾಚ್ ಕಾಲಂನಲ್ಲಿ “ವಾರ 1”, “ವಾರ 2” ಎಂದು ಬರೆದು ಎರಡನ್ನೂ ಒಂದೇ ಕೋಶದಲ್ಲಿ ತೋರಿಸಬಹುದು, ಆದರೆ ನಡೆಯುತ್ತಿರುವುದು ಯಾವ ವಾರ ಎಂಬುದನ್ನು ಸೂಚನಾ ಫಲಕದ ಮೇಲೆ ಪ್ರತಿ ಸೋಮವಾರ ಯಾರಾದರೂ ಕೈಯಲ್ಲೇ ಬರೆಯಬೇಕಾಗುತ್ತದೆ.