ಕೂಲರ್ ಲೇಟ್ ಆಗುತ್ತದೆ ಎಂಬ ನೋಟಿಸ್ ಬಂತೇ? ವೋಚರ್ ಬಟನ್ ಒತ್ತಬೇಡಿ, ಮೊದಲು ಇದನ್ನು ಓದಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಆನ್‌ಲೈನ್ ಕೂಲರ್‌ಗಳ ದೂರೂ ಶುರುವಾಗುತ್ತವೆ. ಹೆಚ್ಚಿನವು ಒಂದೇ ಥರದವು. ಹೇಳಿದ ದಿನಕ್ಕೆ ಮಾಲು ಬಂದಿರುವುದಿಲ್ಲ, ಅದರ ಹಿಂದಿನ ದಿನ ಕ್ಷಮೆ ಕೇಳಿ ಒಂದು ಮೆಸೇಜ್ ಬಂದಿರುತ್ತದೆ, ಅದರಲ್ಲಿ ಹೊಸ ದಿನಾಂಕವೂ ಸಣ್ಣದೊಂದು ಪರಿಹಾರವೂ ಇರುತ್ತವೆ. ಗ್ರಾಹಕರು ಪರಿಹಾರದ ಬಟನ್ ಒತ್ತುತ್ತಾರೆ. ತಿಂಗಳ ನಂತರ ಹಣ ವಾಪಸ್ ಕೇಳಿದರೆ, 'ನೀವೇ ಒಪ್ಪಿದ್ದೀರಲ್ಲ' ಎಂಬ ಉತ್ತರ ಬರುತ್ತದೆ.

ಸೇಡಂ ರಸ್ತೆ ಕಡೆಯ ಒಂದು ಮನೆಯವರಿಗೆ ಆಗಿದ್ದು ಇದೇ. ಮಾರಿದವರ ಹೆಸರು ಇಲ್ಲಿ ಬೇಡ, ಆದದ್ದಷ್ಟೇ ಸಾಕು. ಏಪ್ರಿಲ್ 3ಕ್ಕೆ ದೊಡ್ಡ ಟ್ಯಾಂಕಿನ ಡೆಸರ್ಟ್ ಕೂಲರ್ ಆರ್ಡರ್ ಮಾಡಿದರು. ಕಾರ್ಡ್ ರಿಯಾಯಿತಿ ಕಳೆದು ₹11,240 ಕಟ್ಟಿದರು. ಡೆಲಿವರಿ ಏಪ್ರಿಲ್ 14ಕ್ಕೆ ಎಂದು ಆರ್ಡರ್ ಪುಟದಲ್ಲಿತ್ತು. 13ರ ಸಂಜೆ ಬಂದ ನೋಟಿಸಿನ ಸಾರಾಂಶ ಹೀಗಿತ್ತು: ಅನಿವಾರ್ಯ ಕಾರಣಗಳಿಂದ ತಡವಾಗುತ್ತಿದೆ, ಹೊಸ ದಿನಾಂಕ ಮೇ 2, ನಿಮಗಾದ ತೊಂದರೆಗೆ ₹600 ವೋಚರ್, ಪಡೆಯಲು ಕೆಳಗಿನ ಬಟನ್ ಒತ್ತಿ. ಬಟನ್ ಮೇಲೆ ಇದ್ದದ್ದು `Confirm & Claim`. ಮನೆಯವರ ಕಣ್ಣಿಗೆ ಬಿದ್ದದ್ದು ಎರಡನೇ ಪದ ಮಾತ್ರ.

ಮೇ 1ಕ್ಕೆ ಇನ್ನೊಂದು ನೋಟಿಸ್ ಬಂತು. ಈ ಸಲ ಮೇ 19 ಎಂದಿತ್ತು, ಪರಿಹಾರದ ಮಾತೇ ಇರಲಿಲ್ಲ. ಕ್ಯಾನ್ಸಲ್ ಮಾಡಲು ಹೋದರೆ, 'ಮಾಲು ಹೊರಟಿದೆ, ಬಾಗಿಲಿಗೆ ಬಂದಾಗ ನಿರಾಕರಿಸಿ, ಅದು ಗೋದಾಮಿಗೆ ವಾಪಸ್ ಸೇರಿದ ಮೇಲೆ ಹಣ' ಎಂದರು. ಹಣ ಖಾತೆಗೆ ಬರುವಷ್ಟರಲ್ಲಿ ಮಿರಗ ಹತ್ತಿರ ಬಂದಿತ್ತು. ಮಳೆ ಹಿಡಿದು ಗಾಳಿಯಲ್ಲಿ ತೇವ ಕೂತ ಮೇಲೆ ನೀರಿನ ಕೂಲರ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಅದು ನಮ್ಮ ಕಡೆ ನಡೆಯುವುದೇ ಒಣ ಬಿಸಿಲಿನ ಆ ಎರಡು ತಿಂಗಳು. ಹಾಗಾಗಿ ಇಲ್ಲಿ ಹದಿನೆಂಟು ದಿನ ತಡ ಎಂದರೆ ಸೀಜನ್ನಿನ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತೆಂದೇ ಲೆಕ್ಕ.

ಇಂಥ ನೋಟಿಸ್ ಓದುವಾಗ ತಿಳಿದಿರಬೇಕಾದದ್ದು ಒಂದಿದೆ. ಹೊಸ ದಿನಾಂಕ ಎಂಬುದು ಬರೀ ಮಾಹಿತಿ ಅಲ್ಲ, ಅದೊಂದು ಪ್ರಸ್ತಾಪ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು 2020ರ ಪ್ರಕಾರ, ಹೇಳಿದ ವೇಳಾಪಟ್ಟಿಗಿಂತ ತಡವಾಗಿ ತಲುಪಿದ ವಸ್ತುವನ್ನು ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ದೊಡ್ಡ ವಿಪತ್ತಿನಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ. ಹಾಗಾದರೆ 'ಹೇಳಿದ ವೇಳಾಪಟ್ಟಿ' ಯಾವುದು? ಏಪ್ರಿಲ್ 14 ತಾನೆ? ನೀವು ಹೊಸ ದಿನಾಂಕ ಒಪ್ಪಿದಿರೆಂದರೆ ಅದು ಮೇ 2 ಎಂದು ವಾದಿಸಲು ಅವರಿಗೆ ದಾರಿ ಸಿಗುತ್ತದೆ. ಬಟನ್ ಒತ್ತಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಯಿತು ಎಂದು ನಿಯಮ ಎಲ್ಲೂ ಹೇಳುವುದಿಲ್ಲ, ನಿಜ. ಆದರೂ ಸಲೀಸಾಗಿ ಮುಗಿಯಬೇಕಾದದ್ದು ತಕರಾರಿಗೆ ಬೀಳುತ್ತದೆ.

'ಅನಿವಾರ್ಯ ಕಾರಣಗಳಿಂದ' ಎಂಬ ಸಾಲಿನ ಕೆಲಸವೂ ಅದೇ. ಪ್ರವಾಹ ಬಂದು ರಸ್ತೆ ಕಡಿದಿದ್ದರೆ ಅದನ್ನೇ ಬರೆಯುತ್ತಾರೆ, ಮುಚ್ಚಿಡುವುದಿಲ್ಲ, ಏಕೆಂದರೆ ಬರೆದರೆ ಅವರಿಗೇ ಲಾಭ. ಕಾರಣ ಬರೆಯದ ನೋಟಿಸಿನ ಹಿಂದೆ ಬಹಳ ಸಲ ಇರುವುದು ಸ್ಟಾಕ್ ಇಲ್ಲದೆ ಆರ್ಡರ್ ಹಿಡಿದದ್ದು. ಅದು ವಿಪತ್ತಲ್ಲ, ವ್ಯಾಪಾರದ ಲೆಕ್ಕಾಚಾರ.

ಇದನ್ನು ಟ್ರ್ಯಾಕಿಂಗ್ ಪುಟದಲ್ಲೇ ಕಂಡುಹಿಡಿಯಬಹುದು. `Shipped` ಎಂದು ದಪ್ಪಕ್ಷರದಲ್ಲಿದ್ದರೂ ನಂಬಬೇಡಿ, ಅದರ ಕೆಳಗಿನ ಸಾಲುಗಳನ್ನು ಬಿಚ್ಚಿ ನೋಡಿ. ಕೊರಿಯರ್‌ನವರು ಮಾಲು ಎತ್ತಿಕೊಂಡ ಸ್ಕ್ಯಾನ್, ಅದು ಯಾವ ಊರಿನ ಹಬ್‌ನಲ್ಲಿ, ಎಷ್ಟು ಗಂಟೆಗೆ ಎಂಬುದು ಇದ್ದರೆ ಮಾಲು ನಿಜಕ್ಕೂ ಹೊರಟಿದೆ. ಲೇಬಲ್ ತಯಾರಾದ ಒಂದೇ ಸಾಲು ಇದ್ದು, ದಿನಗಟ್ಟಲೆ ಅಲ್ಲಿಂದ ಮುಂದೆ ಹೋಗದಿದ್ದರೆ ಪೆಟ್ಟಿಗೆ ಇನ್ನೂ ಗೋದಾಮಿನಲ್ಲೇ ಇದೆ, ಅಥವಾ ಪೆಟ್ಟಿಗೆಯೇ ಇಲ್ಲ. ಮೇಲಿನ ಪ್ರಕರಣದಲ್ಲಿ 'ಮಾಲು ಹೊರಟಿದೆ' ಎಂದ ದಿನ ಇದ್ದದ್ದು ಲೇಬಲ್ಲಿನ ಸಾಲು ಮಾತ್ರ. ಕ್ಯಾನ್ಸಲ್ ತಪ್ಪಿಸಲು ಇದು ಹಳೆಯ ಉಪಾಯ. ಆ ಪುಟದ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ, ಆರ್ಡರ್ ಪುಟದ ಮೊದಲ ದಿನಾಂಕದ್ದೂ ತೆಗೆದಿಡಿ. ಹೊಸ ದಿನಾಂಕ ಬಂದ ಕೂಡಲೇ ಆ್ಯಪ್‌ನಲ್ಲಿ ಹಳೆಯದು ಅಳಿಸಿಹೋಗುತ್ತದೆ. ಆರ್ಡರ್ ಮಾಡಿದ ದಿನ ಬಂದ ಇಮೇಲ್ ಇದ್ದರೆ ಅದು ಇನ್ನೂ ಗಟ್ಟಿ.

ಇನ್ನು ಪರಿಹಾರದ ಬೆಲೆ ಎಷ್ಟು ನೋಡಿ. ಆ ₹600 ವೋಚರ್ 30 ದಿನ ಮಾತ್ರ ನಡೆಯುತ್ತಿತ್ತು, ₹4,999ಕ್ಕಿಂತ ಮೇಲಿನ ಖರೀದಿಗೆ ಮಾತ್ರ, ಕೂಲರ್, ಏಸಿ, ಫ್ರಿಜ್‌ಗಳಿಗೆ ಇಲ್ಲ. ಐದು ಸಾವಿರದ ಬೇರೆ ಸಾಮಾನು ಬೇಕಿರದ ಮನೆಗೆ ಅದರ ಬೆಲೆ ಸೊನ್ನೆ. ಅದೇ 13ರ ಸಂಜೆ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ಹೆಚ್ಚುಕಡಿಮೆ ಅದೇ ಗಾತ್ರದ ಕೂಲರ್ ₹12,000ಕ್ಕಿತ್ತು. ಹಣ ವಾಪಸ್ ಕೇಳಿ ಅಲ್ಲೇ ಕೊಂಡಿದ್ದರೆ ಹೆಚ್ಚಿಗೆ ಹೋಗುತ್ತಿದ್ದದ್ದು ₹760, ಮರುದಿನ ಮನೆಯಲ್ಲಿ ಗಾಳಿ. ಕಾದದ್ದಕ್ಕೆ ಸಿಕ್ಕಿದ್ದು ಬಳಸಲಾಗದ ವೋಚರ್. ಮೇ ತಿಂಗಳಲ್ಲಿ ಅದೇ ಅಂಗಡಿಯ ಬೆಲೆಯೂ ಏರಿತ್ತು, ಆ ಮಾತು ಬೇರೆ. ನೋಟಿಸ್ ಬಂದ ದಿನವೇ ಅಂಗಡಿಗೆ ಒಂದು ಫೋನ್ ಮಾಡಿ ದರ ಕೇಳುವುದು ಇದಕ್ಕೇ.

ಕಾಯಲು ಸಿದ್ಧರಿದ್ದರೂ ಪರಿಹಾರ ಕೇಳುವ ರೀತಿ ಬೇರೆಯಿದೆ. ವೋಚರ್ ಬೇಡ, ಅಷ್ಟೇ ಮೊತ್ತ ಹಣ ಕಟ್ಟಿದ ಖಾತೆಗೇ ಹಾಕಿ ಎನ್ನಿ. ರಿಫಂಡ್ ಕೇಳುವಾಗಲೂ ಗಮನವಿರಲಿ: ಹಲವು ಆ್ಯಪ್‌ಗಳಲ್ಲಿ ಮೊದಲೇ ಆಯ್ಕೆಯಾಗಿರುವುದು ಅವರದೇ ವಾಲೆಟ್. ಅಲ್ಲಿ ಬಿದ್ದ ಹಣ ಬ್ಯಾಂಕಿಗೆ ಬರುವುದು ಕಷ್ಟ, ಅವರಲ್ಲೇ ಖರ್ಚು ಮಾಡಬೇಕು. ಇಎಂಐನಲ್ಲಿ ಕೊಂಡಿದ್ದರೆ ಮಾರಾಟಗಾರ ಹಣ ಮರಳಿಸಿದ ಮಾತ್ರಕ್ಕೆ ಕಂತು ತಾನಾಗಿ ನಿಂತಿತೆಂದುಕೊಳ್ಳಬೇಡಿ. ಬ್ಯಾಂಕಿಗೆ ಬೇರೆಯಾಗಿ ತಿಳಿಸಿ ಮುಚ್ಚಿಸಬೇಕಾಗುತ್ತದೆ, ಪ್ರೊಸೆಸಿಂಗ್ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕ್ಯಾನ್ಸಲ್ ಶುಲ್ಕ ಕೇಳಿದರೆ ಮಾತ್ರ ಒಪ್ಪಬೇಡಿ. ಕಂಪನಿ ತಾನೇ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ತಾನೂ ಕೊಡದಿದ್ದರೆ ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ ಎಂದು ಅದೇ ನಿಯಮ ಹೇಳುತ್ತದೆ.

ಫೋನಿನಲ್ಲಿ ವಾದ ಮಾಡುವುದಕ್ಕಿಂತ ಬರೆದು ಕಳಿಸುವುದು ಮೇಲು. ಬಟನ್ ಒತ್ತುವ ಬದಲು ಇಷ್ಟು ಬರೆದರೆ ಸಾಕು:

"ಆರ್ಡರ್ ಸಂಖ್ಯೆ ಇಂಥದ್ದು. ಡೆಲಿವರಿ ದಿನಾಂಕ ಏಪ್ರಿಲ್ 14 ಎಂದು ನೀವು ತಿಳಿಸಿದ್ದಿರಿ. ಮೇ 2ರ ಹೊಸ ದಿನಾಂಕವನ್ನು ನಾನು ಒಪ್ಪಿಲ್ಲ. ಏಪ್ರಿಲ್ 18ರೊಳಗೆ ಮಾಲು ತಲುಪಿದರೆ ಪಡೆಯುತ್ತೇನೆ. ಇಲ್ಲವಾದರೆ ಆರ್ಡರ್ ರದ್ದು ಮಾಡಿ, ಪೂರ್ತಿ ಹಣವನ್ನು ನಾನು ಕಟ್ಟಿದ ಕಾರ್ಡಿಗೇ ಮರಳಿಸಿ. ತಡವಾಗಲು ನಿಖರ ಕಾರಣವೇನು ಎಂದು ಬರಹದಲ್ಲಿ ತಿಳಿಸಿ."

ಇದರಲ್ಲಿ ಏಪ್ರಿಲ್ 18 ಎಂಬುದು ನೀವಾಗಿ ಕೊಟ್ಟ ಗಡುವು. ಅದಿಲ್ಲದೆ 'ಬೇಗ ಕಳಿಸಿ' ಎಂದಷ್ಟೇ ಬರೆದರೆ ಕಾಯಲು ಒಪ್ಪಿದಂತೆ ಓದಿಕೊಳ್ಳುತ್ತಾರೆ. ಕಾರಣ ಕೇಳಿದ ಕೊನೆಯ ಸಾಲಿಗೆ ಹೆಚ್ಚಿನ ಸಲ ಉತ್ತರವೇ ಬರುವುದಿಲ್ಲ, ಮುಂದೆ ದೂರು ಕೊಡುವಾಗ ಆ ಮೌನವೂ ಉಪಯೋಗಕ್ಕೆ ಬರುತ್ತದೆ. ಕೆಲವು ನೋಟಿಸಿನಲ್ಲಿ '24 ಗಂಟೆಯಲ್ಲಿ ಉತ್ತರಿಸದಿದ್ದರೆ ಒಪ್ಪಿಗೆ ಎಂದು ಭಾವಿಸಲಾಗುವುದು' ಎಂದಿರುತ್ತದೆ. ಖರೀದಿಗೆ ಗ್ರಾಹಕರ ಒಪ್ಪಿಗೆಯನ್ನು ತಾನಾಗಿ ದಾಖಲಿಸಬಾರದು, ಮೊದಲೇ ಟಿಕ್ ಹಾಕಿದ ಚೌಕವೂ ನಡೆಯದು ಎಂದು ನಿಯಮವಿರುವಾಗ ಇಂಥ ಸಾಲಿಗೆ ಹೆದರಬೇಕಿಲ್ಲ. ಹೆದರದಿದ್ದರೂ ಉತ್ತರ ಮಾತ್ರ ಕೊಟ್ಟುಬಿಡಿ.

ಈ ಪತ್ರ ಕಳಿಸಬೇಕಾದದ್ದು ಚಾಟ್‌ನಲ್ಲಿ ಸಿಕ್ಕವರಿಗಲ್ಲ, ಅವರ ಕುಂದುಕೊರತೆ ಅಧಿಕಾರಿಗೆ. ಹೆಸರು, ಸಂಪರ್ಕ ವೆಬ್‌ಸೈಟ್‌ನಲ್ಲಿ ಇರಲೇಬೇಕು, ಸಾಮಾನ್ಯವಾಗಿ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ದೂರು ತಲುಪಿತೆಂದು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅಷ್ಟು ಕಾಯಲಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುತ್ತಾರೆ. ಹತ್ತು ಹನ್ನೆರಡು ಸಾವಿರದ ವಿಷಯಕ್ಕೆ ಮೊದಲು ಹಿಡಿಯಬೇಕಾದ ದಾರಿ ಇದೇ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 'ಕಂಪನಿ ಬೆಂಗಳೂರದಾಗ ಅದ, ನಾವು ಅಲ್ಲಿಗಿ ಹೋಗಬೇಕೇನ್ರಿ?' ಎಂದು ಬಹಳ ಮಂದಿ ಕೇಳುತ್ತಾರೆ. ಹೋಗಬೇಕಿಲ್ಲ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. ಒಂದು ಮಿತಿ ಇದೆ: ಕೊಂಡದ್ದು ಮನೆಗೋ ಸ್ವಂತ ಜೀವನೋಪಾಯಕ್ಕೋ ಆಗಿರಬೇಕು. ಮರುಮಾರಾಟಕ್ಕೆಂದು ಹತ್ತು ಕೂಲರ್ ತರಿಸಿದವರು ಇಲ್ಲಿ ಗ್ರಾಹಕರೆನಿಸುವುದಿಲ್ಲ.

ಇದೇ ನೋಟಿಸಿನ ವೇಷ ಹಾಕಿ ಕಳ್ಳ ಮೆಸೇಜ್‌ಗಳೂ ಬರುತ್ತವೆ. ಪರಿಹಾರ ಪಡೆಯಲು ಐದು ರೂಪಾಯಿ ಕಟ್ಟಿ, ಯುಪಿಐ ಪಿನ್ ಹಾಕಿ, ಈ ಫೈಲ್ ಇಳಿಸಿಕೊಳ್ಳಿ ಎಂದರೆ ಅದು ಮೋಸವೇ. ಹಣ ಬರಲು ಪಿನ್ ಬೇಕಾಗುವುದಿಲ್ಲ. ಲಿಂಕ್ ಬಿಟ್ಟು ಆ್ಯಪ್ ತೆರೆದು ಆರ್ಡರ್ ನೋಡಿ. ಹಣ ಹೋಗಿಯೇಬಿಟ್ಟಿದ್ದರೆ ಕೂಡಲೇ 1930.

ಬಾಗಿಲಲ್ಲಿ ಆಗುವ ಎಡವಟ್ಟು ಇನ್ನೊಂದಿದೆ. ಕ್ಯಾನ್ಸಲ್ ಮಾಡಿದ ಮಾಲು ತಂದ ಹುಡುಗ 'ಓಟಿಪಿ ಹೇಳ್ರಿ, ನಾನೇ ಕ್ಯಾನ್ಸಲ್ ಹಾಕ್ತೀನಿ' ಎನ್ನುತ್ತಾನೆ. ಡೆಲಿವರಿಯ ಓಟಿಪಿ ಬೇರೆ, ರದ್ದತಿಯ ಓಟಿಪಿ ಬೇರೆ. ಯಾವುದಕ್ಕೆ ಎಂದು ಮೆಸೇಜಿನಲ್ಲೇ ಬರೆದಿರುತ್ತದೆ, ಪೂರ್ತಿ ಓದಿ ಹೇಳಿ. ಡೆಲಿವರಿಯದು ಹೇಳಿದಿರೋ, ಪೆಟ್ಟಿಗೆ ಅವನ ಗಾಡಿಯಲ್ಲೇ ವಾಪಸ್ ಹೋದರೂ ದಾಖಲೆಯಲ್ಲಿ ಮಾಲು ನಿಮಗೆ ತಲುಪಿದೆ. ಹಾಗಾಗಿದ್ದರೆ ಅವತ್ತೇ, ರಾತ್ರಿಯಾಗುವುದರೊಳಗೆ, ಮಾಲು ಪಡೆದಿಲ್ಲ ಎಂದು ಬರೆದು ಕಳಿಸಿ.